ಫೋಟೋದಲ್ಲಿ ಅಡಗಿಸಿದ ಸಂದೇಶ ಎಲ್ಲಿ ಹೋಯಿತು?

"ಪಿಎನ್‌ಜಿ ಫೋಟೋದ ಪಿಕ್ಸೆಲ್‌ಗಳ ಕೊನೆಯ ಬಿಟ್‌ಗಳಲ್ಲಿ ಸಂದೇಶ ಅಡಗಿಸಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಗೆಳೆಯನಿಗೆ ಏನೂ ಸಿಗಲಿಲ್ಲ. ಎನ್‌ಕ್ರಿಪ್ಷನ್ ಬೇರೆ ಮಾಡಬೇಕಾ?"

ವಾಟ್ಸಾಪ್ ಫೋಟೋವನ್ನು ಜೆಪೆಗ್ ಮಾಡಿ ಕುಗ್ಗಿಸುತ್ತದೆ. ಸಂದೇಶ ಅಳಿಸಿಹೋಗಿದ್ದು ಅಲ್ಲೇ. ಸಂದೇಶದ ಒಂದು ಬಿಟ್ ಅಡಗಿಸಲು ಒಂದು ಪಿಕ್ಸೆಲ್‌ನ ಕೆಂಪು ಬಣ್ಣದ ಅಂಕಿ 150 ಇದ್ದದ್ದನ್ನು ನೀವು 151 ಮಾಡಿರುತ್ತೀರಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಕುಗ್ಗಿಸಿದಾಗ ಅದು 148 ಆಗಬಹುದು, 153 ಆಗಬಹುದು. ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದಂಗೇ ತಲುಪುತ್ತದೆ.

ಎನ್‌ಕ್ರಿಪ್ಷನ್ ಖಂಡಿತ ಬೇಕು, ಅದೂ ಅಡಗಿಸುವ ಮೊದಲೇ. ಅಡಗಿಸಿದರೆ ಸಂದೇಶ ಇದೆ ಅನ್ನುವುದು ತಿಳಿಯುವುದಿಲ್ಲ, ಅಷ್ಟೇ. ಅನುಮಾನ ಬಂದವರು ಆ ಬಿಟ್‌ಗಳನ್ನು ಸಾಲಾಗಿ ಜೋಡಿಸಿದರೆ ಪೂರ್ತಿ ಓದಿಬಿಡಬಹುದು.

ನೆಟ್‌ನಿಂದ ಇಳಿಸಿದ ಚಿತ್ರವಂತೂ ಬೇಡವೇ ಬೇಡ. ಮೂಲ ಚಿತ್ರದ ಜೊತೆ ಹೋಲಿಸಿದರೆ ಬದಲಾದ ಪಿಕ್ಸೆಲ್‌ಗಳೆಲ್ಲ ಸಿಕ್ಕಿಬೀಳುತ್ತವೆ. ನೀವೇ ತೆಗೆದ ಫೋಟೋ ಬಳಸಿ, ಮೂಲ ಪ್ರತಿಯನ್ನು ಎಲ್ಲೂ ಹಾಕಬೇಡಿ.