ಗೀಸರ್ ಲೈನಿನ ಗೆರೆ ಓದುವುದು ಹೇಗೆ?

ಪ್ರಶ್ನೆ: ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆ ಕಟ್ಟಿಸ್ತಾ ಇದ್ದೀನಿ. ವೈರಿಂಗ್ ನಕ್ಷೆಯಲ್ಲಿ ಗೀಸರ್ ಗೆರೆ ಮೇಲೆ ‘ಸಿ32, 2.5 ಚ.ಮಿ.ಮೀ.’ ಅಂತಿದೆ. ಸರಿನಾ?

ಸರಿಯಿಲ್ಲ ಸಾರ್, ಪ್ಲಾಸ್ಟರಿಂಗ್‌ಗೆ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು.

32 ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಯ ಆಂಪ್, 2.5 ಅಂದರೆ ವೈರಿನ ದಪ್ಪ. ಇವೆರಡನ್ನೂ ಯಾವಾಗಲೂ ಜೊತೆಯಲ್ಲೇ ಓದಬೇಕು. ಎಂಸಿಬಿ ಇರುವುದು ಮುಖ್ಯವಾಗಿ ವೈರನ್ನು ಕಾಪಾಡಲು, ಗೀಸರನ್ನಲ್ಲ. ಗೋಡೆಯ ಪೈಪಿನೊಳಗೆ 2.5ರ ತಾಮ್ರದ ವೈರು ಸುಮಾರು 20 ಆಂಪ್ ತಡೆಯುತ್ತದೆ. ಏನೋ ದೋಷವಾಗಿ 28 ಆಂಪ್ ಹರಿದರೆ 32ರ ಎಂಸಿಬಿ ಸುಮ್ನೆ ಇರುತ್ತದೆ, ವೈರು ಒಳಗೊಳಗೇ ಸುಡುತ್ತದೆ.

ಗೀಸರ್‌ಗೆ ಬೇಕಾದದ್ದು ಎಷ್ಟು? 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ: 8.7 ಆಂಪ್. 3000 ವ್ಯಾಟ್ ಆದರೂ 13. ಹಾಗಾಗಿ ಅದೇ ವೈರಿಗೆ 16ರ ಎಂಸಿಬಿ ಸಾಕು. ‘ಸಿ’ ಅಂದರೆ ಮೋಟರ್ ಶುರುವಾಗುವಾಗಿನ ಕ್ಷಣದ ಜಗ್ಗಾಟಕ್ಕೆ ಬೀಳದ ಬಗೆ. ಗೀಸರ್‌ಗೆ ಅದು ಬೇಕಿಲ್ಲ, ಇದ್ದರೆ ತೊಂದರೆಯೂ ಇಲ್ಲ.

ಇನ್ನು ಸ್ವಿಚ್ ಗುರುತು ನೋಡಿ. ಅದು ಫೇಸ್ ಗೆರೆಯನ್ನು ಕಡಿಯಬೇಕು. ನ್ಯೂಟ್ರಲ್ ಒಂದನ್ನೇ ಕಡಿದರೆ ಸ್ವಿಚ್ ಆಫ್ ಆದರೂ ಗೀಸರ್‌ನೊಳಗೆ ಕರೆಂಟು ಇದ್ದೇ ಇರುತ್ತದೆ. ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಅರ್ತ್ ಗೆರೆ ಸಾಕೆಟ್‌ನಿಂದ ಎಂಸಿಬಿಗಳಿರುವ ಡಿಬಿ ಬಾಕ್ಸಿನ ಅರ್ತ್ ಪಟ್ಟಿಯವರೆಗೆ ಎಲ್ಲೂ ತುಂಡಾಗಬಾರದು. ನಡುವೆ ಸ್ವಿಚ್ಚಾಗಲಿ ಎಂಸಿಬಿಯಾಗಲಿ ಇರಕೂಡದು. ಎಂಸಿಬಿಗಿಂತ ಮೊದಲು, ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಬರೆದಿದೆಯಾ ನೋಡಿ. ಸ್ನಾನದಮನೆಯಲ್ಲಿ ಶಾಕ್‌ನಿಂದ ಜೀವ ಉಳಿಸುವುದು ಅದೇ, ಎಂಸಿಬಿ ಅಲ್ಲ.