ತಾಯಿ ಕಾರ್ಡ್ ಮಾಡಿಸಿದರೆ ಮಾತೃವಂದನಾ ಅರ್ಜಿಯೂ ಆದಂತೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ, ಊರು ಹಾಸನ ಜಿಲ್ಲೆ. ಇದು ನನ್ನ ಮೊದಲ ಬಸಿರು, ಕೊನೆಯ ಮುಟ್ಟು ಜೂನ್ 10ಕ್ಕೆ, ಈಗ ನಾಲ್ಕು ತಿಂಗಳು ತುಂಬಿದೆ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿರುವುದರಿಂದ ತಾಯಿ ಕಾರ್ಡ್ ಮಾಡಿಸಿಲ್ಲ. ಹೆರಿಗೆ ತವರಿನಲ್ಲಿ. ಕಾರ್ಡನ್ನು ಇಲ್ಲಿ ಮಾಡಿಸಲೇ, ಊರಿನಲ್ಲಿಯೇ? ಕಾರ್ಡ್ ಆದರೆ ಮಾತೃವಂದನಾ ಯೋಜನೆಯ ಐದು ಸಾವಿರ ರೂಪಾಯಿ ತಾನಾಗಿಯೇ ಬರುತ್ತದೆಯೇ? ನಮ್ಮದು ಬಿಪಿಎಲ್ ಕಾರ್ಡ್, ನನಗೆ ಕೆಲಸವಿಲ್ಲ.

ಉತ್ತರ: ಈಗ ನೀವು ವಾಸವಿರುವ ಬೆಂಗಳೂರಿನಲ್ಲಿಯೇ, ಈ ವಾರವೇ ಮಾಡಿಸಿಕೊಳ್ಳಿ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಧಾರ್, ಖಾಸಗಿ ವೈದ್ಯರ ಚೀಟಿ, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳನ್ನು ತೆಗೆದುಕೊಂಡು ಹೋಗಿ. ಅಲ್ಲಿನ ಸಿಸ್ಟರ್ ನಿಮ್ಮ ಹೆಸರನ್ನು ತಾಯಿ-ಮಕ್ಕಳ ಆರೋಗ್ಯದ ವಿವರ ಇಡುವ ಸರ್ಕಾರದ ಆರ್‌ಸಿಎಚ್ ದಾಖಲೆಗೆ ಸೇರಿಸಿದಾಗ ಬರುವ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಈ ಬಸಿರಿನ ಗುರುತು ಆ ಸಂಖ್ಯೆಯೇ ಆಗಿರುವುದರಿಂದ ತವರಿಗೆ ಹೋದಾಗ ಅಲ್ಲಿನ ಸಿಸ್ಟರ್‌ಗೆ ಇದೇ ಕಾರ್ಡನ್ನು ತೋರಿಸಿ ಮುಂದುವರಿಸಬೇಕೇ ಹೊರತು ಹೊಸದನ್ನು ಮಾಡಿಸಬಾರದು. ಎರಡು ಕಡೆ ಎರಡು ಸಂಖ್ಯೆಗಳಾದರೆ ತಪಾಸಣೆಯ ದಾಖಲೆ ಒಂದರಲ್ಲಿ, ಹೆರಿಗೆಯ ದಾಖಲೆ ಇನ್ನೊಂದರಲ್ಲಿ ಉಳಿದು, ಮುಂದೆ ಅವೆರಡನ್ನೂ ಹೊಂದಿಸುವುದೇ ಕಷ್ಟವಾಗುತ್ತದೆ.

ಖಾಸಗಿ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಡಬೇಕಾಗಿಲ್ಲ. ಆದರೆ ಅಲ್ಲಿ ನಡೆದ ತಪಾಸಣೆಯ ದಿನಾಂಕ, ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣ ತಾಯಿ ಕಾರ್ಡಿನಲ್ಲಿಯೂ ಬರಬೇಕು. ನಡುರಾತ್ರಿ ತವರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ನಿಮ್ಮನ್ನು ಹಿಂದೆಂದೂ ನೋಡಿರದ ವೈದ್ಯರಿಗೆ ನಿಮ್ಮ ಒಂಬತ್ತು ತಿಂಗಳ ವಿವರವನ್ನು ಹೇಳುವುದು ಆ ಪುಟವೇ. ಹಣಕ್ಕಿಂತ ಮೊದಲು ಕಾರ್ಡ್ ಬೇಕಾಗಿರುವುದು ಇದಕ್ಕಾಗಿ.

ಇನ್ನು ಹಣದ ವಿಚಾರ. ಕಾರ್ಡ್ ಕೊಡುವುದು ಆರೋಗ್ಯ ಇಲಾಖೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಅರ್ಜಿ ಹೋಗುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಅಂಗನವಾಡಿಯ ಮೂಲಕ. ಕಾರ್ಡ್ ಆದ ಮಾತ್ರಕ್ಕೆ ಅರ್ಜಿ ಆಗುವುದಿಲ್ಲ. ಹೆಚ್ಚಿನ ತಾಯಂದಿರು ತಪ್ಪುವುದು ಇಲ್ಲಿಯೇ. ಕಾರ್ಡ್ ಕೈಯಲ್ಲಿದೆ, ಹಣ ಬಂದೇ ಬರುತ್ತದೆ ಎಂದು ಕಾದು ಕುಳಿತು, ಮಗು ನಡೆಯುವ ಹೊತ್ತಿಗೆ ವಿಚಾರಿಸಲು ಬರುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಆಧಾರ್, ತಾಯಿ ಕಾರ್ಡ್ ಮತ್ತು ನಿಮ್ಮ ಹೆಸರಿರುವ ಬಿಪಿಎಲ್ ಕಾರ್ಡನ್ನು ಕೊಟ್ಟು ಅರ್ಜಿ ಹಾಕಿಸಬೇಕು, pmmvy.wcd.gov.in ತಾಣದಲ್ಲಿ ನೀವೇ ತುಂಬಲೂಬಹುದು.

ನಿಮ್ಮ ದಿನಾಂಕಗಳನ್ನೇ ಲೆಕ್ಕ ಹಾಕೋಣ. ಜೂನ್ 10ಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ನಿರೀಕ್ಷಿತ ದಿನ ಮಾರ್ಚ್ 17. ನೋಂದಣಿ ಹನ್ನೆರಡು ವಾರಗಳೊಳಗೆ, ಅಂದರೆ ಸೆಪ್ಟೆಂಬರ್ ಆರಂಭಕ್ಕೇ ಆಗಿದ್ದರೆ ಒಳ್ಳೆಯದಿತ್ತು, ಆದರೂ ಹಣಕ್ಕೆ ಹೊತ್ತು ಮೀರಿಲ್ಲ. ಮೊದಲ ಕಂತಿನ 3,000 ರೂಪಾಯಿಗೆ ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ, ಅಂದರೆ ಡಿಸೆಂಬರ್ ಮೊದಲ ವಾರದೊಳಗೆ, ನೋಂದಣಿಯೂ ಕನಿಷ್ಠ ಒಂದು ತಪಾಸಣೆಯೂ ಆಗಿರಬೇಕು. ಉಳಿದ 2,000 ರೂಪಾಯಿ ಬರುವುದು ಮಗುವಿನ ಜನನ ನೋಂದಣಿಯಾಗಿ, ಹುಟ್ಟಿದಾಗಿನ ಲಸಿಕೆಗಳಿಂದ ಹಿಡಿದು ಹದಿನಾಲ್ಕನೆಯ ವಾರದವರೆಗಿನ ಮೊದಲ ಸುತ್ತು ಮುಗಿದ ಮೇಲೆ. ನಿಮಗೆ ಅದು ಜೂನ್ ಕೊನೆಯ ಹೊತ್ತಿಗಾಗುತ್ತದೆ. ಲಸಿಕೆಯನ್ನು ಖಾಸಗಿಯಲ್ಲಿ ಹಾಕಿಸಿದರೂ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಅರ್ಜಿಯಲ್ಲಿ ಕೊನೆಯ ಮುಟ್ಟಿನ ದಿನಾಂಕ ಕಾರ್ಡಿನಲ್ಲಿರುವುದೇ ಆಗಿರಬೇಕು, ಹೆಸರು ಆಧಾರ್‌ನಲ್ಲಿರುವಂತೆಯೇ ಇರಬೇಕು. ಮದುವೆಯ ನಂತರ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿಕೊಂಡು ಆಧಾರ್ ಬದಲಿಸದೇ ಇದ್ದರೆ ಹಳೆಯ ಹೆಸರನ್ನೇ ಬರೆಯಿರಿ.

ಹಣ ಗಂಡನ ಖಾತೆಗೆ ಬರುವುದಿಲ್ಲ. ನಿಮ್ಮದೇ ಹೆಸರಿನ, ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದೇನೆ ಎಂಬುದಷ್ಟೇ ಜೋಡಣೆಯಲ್ಲ. ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಎಂಬುದು ಪ್ರತ್ಯೇಕವಾಗಿ ದಾಖಲಾಗಿರುತ್ತದೆ, ಮತ್ತು ಅದು ಒಂದೇ ಖಾತೆಯಾಗಿರುತ್ತದೆ. ನನ್ನ ಬಳಿ ಬಂದಿದ್ದ ಒಬ್ಬ ತಾಯಿ ಹಣ ಬಂದಿಲ್ಲವೆಂದು ತಿಂಗಳುಗಟ್ಟಲೆ ಅಲೆದಿದ್ದರು. ಕಾಲೇಜು ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತಿದ್ದ ಖಾತೆಯಲ್ಲಿ ಅದು ಬಿದ್ದಿತ್ತು. ಅರ್ಜಿಗೆ ಮೊದಲೇ ಆಧಾರ್ ತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡಿಕೊಳ್ಳಿ, ಇಲ್ಲವೇ ಬ್ಯಾಂಕಿನಲ್ಲಿ ಕೇಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಬಿಪಿಎಲ್ ಕುಟುಂಬದ ನಿಮಗೆ ಜನನಿ ಸುರಕ್ಷಾ ಯೋಜನೆಯ ಹಣವೂ ಇದೆ, ಹಳ್ಳಿಯವರಿಗೆ 700 ಮತ್ತು ನಗರದವರಿಗೆ 600 ರೂಪಾಯಿ. ಅದನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಕೇಳಿ. ತವರಿಗೆ ಹೊರಡುವಾಗ ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ ನಿಮ್ಮ ಮೊಬೈಲಿನಲ್ಲಿಯೂ ನಿಮ್ಮ ಯಜಮಾನರ ಮೊಬೈಲಿನಲ್ಲಿಯೂ ಇರಲಿ.