ಎಡಗಡೆ ಬಾಟಲಿ, ಬಲಗಡೆ ಬಾಟಲಿ: ಮೊದಲು ಕ್ಯಾಲೊರಿ ಸಾಲು ನೋಡಿ

"ಎರಡು ಪೀನಟ್ ಬಟರ್ ಬಾಟಲಿಗಳ ಹಿಂಭಾಗದ ಫೋಟೋ ಅಕ್ಕಪಕ್ಕ ಹಾಕಿದ್ದೀನಿ. ಎಡಗಡೆಯದರಲ್ಲಿ ಸಕ್ಕರೆ 3.5, ಸೋಡಿಯಂ 120, ಕೊಬ್ಬು 15.2. ಬಲಗಡೆಯದರಲ್ಲಿ 5, 310, 50. ಅಮ್ಮನಿಗೆ ಬಿಪಿ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ಎಡಗಡೆಯದನ್ನೇ ತಗೋಬಹುದು ಅಲ್ವಾ?"

ತಗೋಬೇಡಿ ಮೇಡಂ, ಒಂದು ನಿಮಿಷ ತಡೆಯಿರಿ. ಇದೇ ತಪ್ಪನ್ನು ನಾನು ಮಾಡಿ, ನಾಲ್ಕು ತಿಂಗಳು ಅಪ್ಪನಿಗೆ ಅದನ್ನೇ ತಿನ್ನಿಸಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಎರಡೂ ಫೋಟೋ ಜೂಮ್ ಮಾಡಿ ಕ್ಯಾಲೊರಿ ಸಾಲು ನೋಡಿ. ಎಡಗಡೆ 195, ಬಲಗಡೆ 620. ಎರಡೂ ಕಡ್ಲೆಬೀಜವೇ ಆದರೆ ಇಷ್ಟು ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ. ಯಾವ ಕಂಪನಿಯ ಪೀನಟ್ ಬಟರ್ ಆದರೂ 100 ಗ್ರಾಂಗೆ ಹೆಚ್ಚುಕಮ್ಮಿ 600 ಕ್ಯಾಲೊರಿ ಇರುತ್ತದೆ. 195 ಕಂಡರೆ ಅದು ಒಂದು ಸರ್ವಿಂಗ್‌ನ, ಅಂದರೆ ಒಂದು ಸಲ ತಿನ್ನುವಷ್ಟರ ಲೆಕ್ಕ ಅಂತಲೇ ಅರ್ಥ. ಬಾಟಲಿ ದುಂಡಗಿರುತ್ತದಲ್ಲ, ಫೋಟೋ ತೆಗೆದಾಗ 100 ಗ್ರಾಂ ಕಾಲಂ ಅಂಚಿನಾಚೆಗೆ ಹೋಗಿಬಿಟ್ಟಿದೆ. ನಿಮಗೆ ಕಂಡಿದ್ದು ಪಕ್ಕದ ಸರ್ವಿಂಗ್ ಕಾಲಂ ಮಾತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ 32 ಗ್ರಾಂ ಅಂತ ಇದೆ ನೋಡಿ.

ಈಗ ಎಡಗಡೆಯದನ್ನು 100 ಗ್ರಾಂಗೆ ತನ್ನಿ. 32ರಿಂದ ಭಾಗಿಸಿ 100ರಿಂದ ಗುಣಿಸಿದರೆ ಆಯಿತು. ಸಕ್ಕರೆ ಸುಮಾರು 11 ಗ್ರಾಂ, ಸೋಡಿಯಂ 375 ಮಿಲಿಗ್ರಾಂ, ಕೊಬ್ಬು 47.5 ಗ್ರಾಂ. ಸಕ್ಕರೆಯಲ್ಲಿ ಗೆದ್ದಿದ್ದ ಬಾಟಲಿ ಈಗ ಎರಡು ಪಟ್ಟು ಸಕ್ಕರೆಯದ್ದು.

ಬಲಗಡೆಯ 5 ಗ್ರಾಂ ನೋಡಿ ಗಾಬರಿ ಬೇಡ. ಅದರ ಕೆಳಗೆ ಆ್ಯಡೆಡ್ ಶುಗರ್ಸ್ ಸೊನ್ನೆ ಅಂತ ಇದೆ. ಆ 5 ಗ್ರಾಂ ಕಡ್ಲೆಬೀಜದ್ದೇ ಸಕ್ಕರೆ. ಎಡಗಡೆಯದರಲ್ಲಿ ಆ್ಯಡೆಡ್ 2.2 ಇದೆ, ಅಂದರೆ 100 ಗ್ರಾಂಗೆ ಹತ್ತಿರ ಹತ್ತಿರ 7 ಗ್ರಾಂ ಹೊರಗಿನಿಂದ ಸುರಿದದ್ದು. ಅಮ್ಮನಿಗೆ ನೋಡಬೇಕಾದದ್ದು ಈ ಸಾಲನ್ನು. ಬೆಲ್ಲ ಅಂತ ಬರೆದಿದ್ದರೂ, ಜೇನು ಅಂತ ಬರೆದಿದ್ದರೂ ಅದು ಇದೇ ಲೆಕ್ಕಕ್ಕೆ ಬರುತ್ತದೆ. ಬೆಲ್ಲದ ಚಿತ್ರ ಹಾಕಿ ಇನ್ನೂರು ರೂಪಾಯಿ ಜಾಸ್ತಿ ತಗೊಳ್ಳುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟಿದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಎರಡೂ ಸಾಚಾ ಅಲ್ಲ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಎಡಗಡೆ ಸುಮಾರು 0.95 ಗ್ರಾಂ, ಬಲಗಡೆ 0.8 ಗ್ರಾಂ. ಬಿಪಿ ಇರುವವರಿಗೆ ಇದು ಆರಿಸಿಕೊಳ್ಳುವಷ್ಟು ದೊಡ್ಡ ವ್ಯತ್ಯಾಸ ಅಲ್ಲ. ಉಪ್ಪೇ ಹಾಕದ್ದು ಬೇಕಿದ್ದರೆ ಮೂರನೇ ಬಾಟಲಿ ಹುಡುಕಬೇಕು. ಅಂಥದ್ದರಲ್ಲಿ ಸೋಡಿಯಂ 100 ಗ್ರಾಂಗೆ 20 ಮಿಲಿಗ್ರಾಂ ದಾಟುವುದಿಲ್ಲ, ಸಾಮಾನ್ಯವಾಗಿ. ಹಾಗಂತ ಎರಡು ಚಮಚ ಪೀನಟ್ ಬಟರ್‌ನ ಉಪ್ಪಿಗೆ ಹೆದರಿ ಪಕ್ಕದಲ್ಲಿ ಹಪ್ಪಳ ಉಪ್ಪಿನಕಾಯಿ ಇಟ್ಟುಕೊಂಡರೆ ಏನು ಬಂತು? ನಮ್ಮ ಮನೆಯಲ್ಲಿ ಆಗಿದ್ದೂ ಅದೇ.

ಇನ್ನು ಎಣ್ಣೆ. ಮೇಲೆ ಒಬ್ಬರು "ಕೊಬ್ಬು ಕಡಿಮೆ ಇದ್ದರೆ ಎಣ್ಣೆ ಹಾಕಿಲ್ಲ ಅಂತ ಅರ್ಥ" ಅಂದಿದ್ದಾರೆ. ಅಣ್ಣಾ, ಇಲ್ಲಿ ಉಲ್ಟಾ. ಕಡ್ಲೆಬೀಜದಲ್ಲಿ ಅರ್ಧದಷ್ಟು ಎಣ್ಣೆಯೇ. ಎಡಗಡೆಯದರಲ್ಲಿ ಬೀಜ 90% ಮಾತ್ರ, ಉಳಿದ ಜಾಗವನ್ನು ಸಕ್ಕರೆ ತಿಂದಿದೆ, ಹಾಗಾಗಿ ಕೊಬ್ಬು ಇಳಿದಿದೆ. ಅದೇ ಬಾಟಲಿಯ ಪದಾರ್ಥಗಳ ಪಟ್ಟಿಯಲ್ಲಿ ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್, ಅಂದರೆ ಗಟ್ಟಿ ಮಾಡಿದ ಎಣ್ಣೆ ಇದೆ, ಎಣ್ಣೆ ಬೇರ್ಪಡದಂತೆ ಹಿಡಿದಿಡುವ ಐಎನ್‌ಎಸ್ 471 ಇದೆ. ಬಲಗಡೆಯದರಲ್ಲಿ ಬೀಜ 99.2%, ಉಪ್ಪು 0.8%, ಅಷ್ಟೇ. ಎಣ್ಣೆ ಹಾಕದ ಬಾಟಲಿಯಲ್ಲೇ ಕೊಬ್ಬು ಜಾಸ್ತಿ!

ಎಷ್ಟು ಹಾಕಿದ್ದಾರೆ ಅಂತ ಕಳೆಯುವ ಲೆಕ್ಕದಲ್ಲಿ ಸಿಗುತ್ತದೆ. ನೂರರಲ್ಲಿ ಬೀಜ 90, ಸಕ್ಕರೆ 7, ಉಪ್ಪು 1. ಉಳಿದದ್ದು 2. ಹಾಕಿದ ಕೊಬ್ಬು, 471 ಎರಡೂ ಸೇರಿ ಆ 2 ಗ್ರಾಂ ಒಳಗೇ. ಸ್ಯಾಚುರೇಟೆಡ್ ಸಾಲೂ ಅದನ್ನೇ ಹೇಳುತ್ತದೆ: ಬಲಗಡೆ 7, ಎಡಗಡೆ 100 ಗ್ರಾಂಗೆ 8 ಚಿಲ್ಲರೆ. ಬೀಜ ಕಡಿಮೆ ಇದ್ದೂ ಜಾಸ್ತಿ ಬಂದಿದೆ ಅಂದರೆ ಗಟ್ಟಿ ಕೊಬ್ಬು ಬೆರೆತಿದೆ. ಇಷ್ಟು ಸ್ವಲ್ಪಕ್ಕೆ ತಲೆಕೆಡಿಸಿಕೊಳ್ಳಬೇಕಾ ಅಂತ ಜಿಮ್‌ಗೆ ಹೋಗುವ ನಮ್ಮ ತಮ್ಮ ಕೇಳುತ್ತಾನೆ. ಅವನದ್ದೂ ತಪ್ಪಿಲ್ಲ ಬಿಡಿ. ನನಗಂತೂ ಕಡ್ಲೆಬೀಜಕ್ಕೆ ಮತ್ತೆ ಎಣ್ಣೆ ಬೆರೆಸುವುದೇ ಒಗ್ಗುವುದಿಲ್ಲ. ನಮ್ಮಜ್ಜಿ ಊರು ಚಳ್ಳಕೆರೆ, ಗಾಣದ ಎಣ್ಣೆ ವಾಸನೆಯಲ್ಲೇ ಬೆಳೆದ ಮೂಗು ಇದು.

"ಪಟ್ಟಿ ಓದಿದರೆ ಸಾಕು, ಟೇಬಲ್ ಬೇಡ" ಅಂದವರದ್ದು ಅರ್ಧ ಸರಿ. ಎಣ್ಣೆ ಹಾಕಿದ್ದಾರಾ ಅನ್ನುವುದು ಪಟ್ಟಿಯಲ್ಲೇ ಗೊತ್ತಾಗುವುದು. ಆದರೆ ಸಕ್ಕರೆ ಎರಡನೇ ಸ್ಥಾನದಲ್ಲಿದೆ ಅಂದಮಾತ್ರಕ್ಕೆ ಅದು 3 ಗ್ರಾಮೋ 12 ಗ್ರಾಮೋ ಪಟ್ಟಿ ಹೇಳುವುದಿಲ್ಲ. ಅದಕ್ಕೆ ಟೇಬಲ್ಲೇ ಬೇಕು. ದಿನಕ್ಕೆ ಬೇಕಾದದ್ದರಲ್ಲಿ ಎಷ್ಟು ಪಾಲು ಅಂತ ಶೇಕಡಾ ಹಾಕಿರುವ ಆರ್‌ಡಿಎ ಕಾಲಂ ಇದೆಯಲ್ಲ, ಅದನ್ನು ಗ್ರಾಂ ಅಂತ ಓದಿಬಿಡಬೇಡಿ. ನಮ್ಮ ಮಾವ ಅದನ್ನೂ ಮಾಡಿದ್ದಾರೆ.

ಈಗ ನನ್ನ ಕಥೆ. ಮಗ ಅಂಗಡಿಯಿಂದ ಎರಡು ಫೋಟೋ ಕಳಿಸಿದ, ನಾನು ಅಡುಗೆಮನೆಯಲ್ಲಿ ನಿಂತು ತೀರ್ಪು ಕೊಟ್ಟೆ. ಒಂದರಲ್ಲಿ ಸಕ್ಕರೆ 2, ಇನ್ನೊಂದರಲ್ಲಿ 5. 2 ಇರುವುದನ್ನೇ ತಗೋ ಅಂದೆ. ಅಪ್ಪ ಚಪಾತಿಗೆ ದಿನಾ ಸವರಿಕೊಂಡು ತಿಂದರು. ಮುಗಿದಾಗಲೆಲ್ಲ ಅದನ್ನೇ ತರಿಸಿ ನಾಲ್ಕು ತಿಂಗಳಾದ ಮೇಲೆ, ಒಂದು ಖಾಲಿ ಬಾಟಲಿ ತೊಳೆಯುವಾಗ ಪೂರ್ತಿ ಲೇಬಲ್ ಓದಿದೆ. 2 ಗ್ರಾಂ 15 ಗ್ರಾಂ ಸರ್ವಿಂಗ್‌ಗೆ. ಒಂದು ಚಮಚ! ಅಪ್ಪ ತಿನ್ನುತ್ತಿದ್ದದ್ದು ಮೂರು ಚಮಚ, ಅದೂ ಗೋಪುರ ಕಟ್ಟಿಕೊಂಡು.

ಸರಿ ಅಂತ 5 ಗ್ರಾಂನದ್ದು ತಂದೆ. ಮುಚ್ಚಳ ತೆಗೆದರೆ ಮೇಲೆ ಒಂದು ಬೆರಳು ಎಣ್ಣೆ. "ಎಣ್ಣೆ ಸುರಿದು ಕೊಟ್ಟಿದ್ದಾರೆ ಕಳ್ಳರು" ಅಂತ ಬೈದು ಅಷ್ಟನ್ನೂ ಸಿಂಕಿಗೆ ಚೆಲ್ಲಿದೆ. ಎರಡನೇ ವಾರಕ್ಕೆ ತಳದಲ್ಲಿದ್ದದ್ದು ಗಾರೆ ಆಯಿತು, ಚಮಚವೇ ಬಗ್ಗಿತು. ಬೀಜದ್ದೇ ಎಣ್ಣೆ ಮೇಲೆ ಬಂದಿತ್ತು ಅಷ್ಟೇ. ತೇಲದ ಹಾಗೆ ಹಿಡಿದಿಡಲೆಂದೇ ಎಡಗಡೆ ಬಾಟಲಿಗೆ ಆ ಗಟ್ಟಿ ಕೊಬ್ಬು ಹಾಕುವುದು. ಎಣ್ಣೆ ತೇಲುವ ಬಾಟಲಿ ತಂದರೆ ಒಂದು ರಾತ್ರಿ ತಲೆಕೆಳಗಾಗಿ ಇಡಿ, ಬೆಳಿಗ್ಗೆ ಬೆಣ್ಣೆ ಸವರುವ ಉದ್ದ ಚಾಕುವಿನಿಂದ ತಳದಿಂದ ಮೇಲಕ್ಕೆ ಕಲಸಿ ಫ್ರಿಜ್ಜಿಗೆ ಹಾಕಿ. ಮತ್ತೆ ಬೇರ್ಪಡುವುದು ಬಹಳ ನಿಧಾನ.

ನಾಯಿಗೆ ಕೊಡಬಹುದಾ ಅಂತ ನಡುವೆ ಕೇಳಿದವರಿಗೆ: ಇಲ್ಲಿನ ಪ್ರಶ್ನೆ ಅದಲ್ಲ, ಆದರೂ ಪಟ್ಟಿಯಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ಇದ್ದರೆ ನಾಯಿಗೆ ಅದು ವಿಷ. ಸಕ್ಕರೆ ಸೊನ್ನೆ ಅನ್ನುವ ಸಿಹಿ ಬಾಟಲಿಗಳಲ್ಲಿ ಅದೂ ಇರಬಹುದು, ಓದಿ ನೋಡಿ.

ಮಿಕ್ಸಿಯಲ್ಲೇ ಮಾಡ್ಕೊಳ್ಳಿ ಅನ್ನುವವರೂ ಬರುತ್ತಾರೆ. ಮಾಡಬಹುದು. ಮುಗ್ಗಲು ಬೀಜ, ಸುಕ್ಕಿದ ಬೀಜ ಆರಿಸಿ ಎಸೆದು, ಹುರಿದು, ಸಿಪ್ಪೆ ಊದಿ, ಮಿಕ್ಸಿ ಬಿಸಿಯಾದಾಗಲೆಲ್ಲ ನಿಲ್ಲಿಸಿ ರುಬ್ಬಿ. ನಮ್ಮ ಹಳೇ ಮಿಕ್ಸಿ ಈ ಕೆಲಸಕ್ಕೇ ಮೋಟಾರ್ ಸುಟ್ಟುಕೊಂಡಿತು, ಆ ಖರ್ಚಿಗೆ ಎಂಟು ಬಾಟಲಿ ಬರುತ್ತಿತ್ತು.

ಮೇಡಂ, ಎಡಗಡೆ ಬಾಟಲಿಯನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಫೋಟೋ ಹಾಕಿ. ಆ 2.2ರ ಚುಕ್ಕಿ ಬೆಳಕಿಗೆ ಮಸುಕಾಗಿದೆ. ನಾನು ಸರಿಯಾಗಿ ಓದಿದ್ದೇನಾ ನೋಡಬೇಕು.